ಬದಲಿ ಜನ ಸಿಗುವವರೆಗೆ

ಆ ಸಾಲನ್ನು ಬರೆದದ್ದು ನಾನೇ. ಯಾರ ಮೇಲೂ ಗೂಬೆ ಕೂರಿಸುವ ಹಾಗಿಲ್ಲ.

ದರ್ಬೆಯ ಸ್ಕೂಟರ್ ಶೋರೂಮಿನ ಸರ್ವಿಸ್ ಡೆಸ್ಕಿನಲ್ಲಿ ನನ್ನ ಕೆಲಸ. ಗಾಡಿ ತಂದವರ ದೂರು ಕೇಳಿ ಜಾಬ್ ಕಾರ್ಡ್ ಮಾಡಬೇಕು. ಸುಳ್ಯದ ಕಡೆಯವರು ಅರೆಭಾಷೆಯಲ್ಲಿ, ನೆಲ್ಯಾಡಿಯ ರಬ್ಬರಿನವರು ಮಲಯಾಳದಲ್ಲಿ, ಉಳಿದವರು ತುಳುವಿನಲ್ಲಿ ಹೇಳುವ "ಕಟಕಟ" ಎಲ್ಲವೂ ನನಗೆ ಅರ್ಥವಾಗುತ್ತದೆ. ಮನೆ ಮಾತ್ರ ಇಚಿಲಂಪಾಡಿಯಲ್ಲಿ. ಒಂಬತ್ತಕ್ಕೆ ದರ್ಬೆಯಲ್ಲಿರಬೇಕಾದರೆ ಏಳಕ್ಕೆ ಮುಂಚೆಯೇ ಹೊರಡಬೇಕು. ಗಂಡ ರಬ್ಬರ್ ಟ್ಯಾಪಿಂಗಿಗೆ ಕತ್ತಲಲ್ಲೇ ಹೋದರೆ ಮರದ ಹಾಲು ಸಂಗ್ರಹಿಸಿ ಬರುವಾಗ ಒಂಬತ್ತಾಗುತ್ತದೆ. ಎರಡನೇ ಕ್ಲಾಸಿನ ಮಗಳನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಕಳಿಸುವುದು ಪಕ್ಕದ ಮನೆಯ ಮಲಯಾಳಿ ಅಕ್ಕ, ನಮ್ಮೆಲ್ಲರ ಚೇಚಿ. ಅವರು ಚೆನ್ನಾಗಿಯೇ ಮಾಡುತ್ತಾರೆ. ಅದೇ ನನಗೆ ಹೊಟ್ಟೆಕಿಚ್ಚು.

ಹಾಗಿರುವಾಗ ಕಡಬದಲ್ಲಿ ನಮ್ಮದೇ ಹೊಸ ಸರ್ವಿಸ್ ಸೆಂಟರ್ ಆಗುವುದೆಂದು ಮಂಗಳೂರಿನ ಹೆಡ್ ಆಫೀಸಿನಿಂದ ಸುತ್ತೋಲೆ ಬಂತು. ಒಳಗಿನವರು ಅರ್ಜಿ ಹಾಕಬಹುದು. ಎಚ್‌ಆರ್‌ಗೆ ಮೇಲ್ ಕಳಿಸಬೇಕು, ಈಗಿನ ಮ್ಯಾನೇಜರನ್ನು ಸಿಸಿಯಲ್ಲಿ ಇಡಬೇಕು. ಕಡಬವಾದರೆ ಮಗಳ ಜೊತೆಗೇ ಮನೆಯಿಂದ ಹೊರಡಬಹುದಿತ್ತು.

ಮ್ಯಾನೇಜರಿಗೆ ಸಿಸಿ ನೋಡಿ ಗೊತ್ತಾಗುವುದು ಸರಿಯಲ್ಲವೆಂದು ಮೊದಲೇ ಅವರ ಚೇಂಬರಿಗೆ ಹೋಗಿ ಹೇಳಿದೆ. ಅವರು ಚಾ ತರಿಸಿದರು.

"ಖಂಡಿತ ಹಾಕಿ ಮಾರಾಯ್ರೆ. ಸಣ್ಣ ಮಗು ಉಂಟಲ್ಲ ನಿಮಗೆ. ನಾನು ಅಡ್ಡ ಬರುದಿಲ್ಲ."

ಆ ಚಾಕ್ಕೆ ನಾನು ಕರಗಿಹೋದೆ. ಮೇಲ್‌ನಲ್ಲಿ ಹೆಸರು, ಎಂಪ್ಲಾಯಿ ನಂಬರು, ಸೇರಿದ ವರ್ಷ, ಕಾರಣ ಎಲ್ಲ ಬರೆದೆ. ಮ್ಯಾನೇಜರಿಗೆ ಮೊದಲೇ ತಿಳಿಸಿದ್ದೇನೆ ಎಂದೂ ಬರೆದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಮ್ಮ ಕಡೆ ಮದುವೆಮನೆಯಿಂದ ಹೊರಡುವಾಗಲೂ "ಕೆಲಸ ಉಂಟಾದರೆ ನಿಲ್ಲುತ್ತೇನೆ" ಎಂದು ಹೇಳದೆ ಹೊರಡುವ ಕ್ರಮವಿಲ್ಲ. ಹಾಗೆ ಹೇಳಿದವಳನ್ನು ಯಾರೂ ಪಾತ್ರೆ ತೊಳೆಯಲು ಕೂರಿಸುವುದಿಲ್ಲ. ಅದೇ ಅಭ್ಯಾಸದಲ್ಲಿ ಕೊನೆಗೆ ಬರೆದೆ: "ಬದಲಿ ಜನ ಸಿಗುವವರೆಗೆ ಇಲ್ಲಿಯೇ ಮುಂದುವರಿಯಲು ಸಿದ್ಧಳಿದ್ದೇನೆ."

ಮರುದಿನ ಮ್ಯಾನೇಜರು ಎಲ್ಲರಿಗೂ ಹೋಗುವಂತೆ ಉತ್ತರ ಕೊಟ್ಟರು. ಅಷ್ಟು ಹೊಗಳಿಕೆ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ನಾಲ್ಕು ಭಾಷೆ ಬಲ್ಲವರು, ಗ್ರಾಹಕರು ಇವರನ್ನೇ ಕೇಳಿಕೊಂಡು ಬರುತ್ತಾರೆ, ವರ್ಗಾವಣೆಗೆ ನನ್ನ ಆಕ್ಷೇಪವಿಲ್ಲ. ಕೊನೆಗೆ, "ಅವರೇ ಒಪ್ಪಿರುವಂತೆ, ಬದಲಿ ಜನ ಸಿಕ್ಕಿದ ನಂತರ ಬಿಡುಗಡೆ ಮಾಡುತ್ತೇನೆ." ಓದಿ ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೆ! ಎಂಥ ಪೆದ್ದಿ ನಾನು.

ಎಚ್‌ಆರ್ ಬಿಡುಗಡೆಯ ತಾರೀಕು ಕೇಳಿತು. "ಹುಡುಕುತ್ತಾ ಇದ್ದೇವೆ" ಎಂದರು ಮ್ಯಾನೇಜರು. ಎರಡು ವಾರ ಬಿಟ್ಟು ಎಚ್‌ಆರ್ ಮತ್ತೆ ಕೇಳಿತು. ಇವರು ಅದನ್ನೇ ಬರೆದರು. ದರ್ಬೆಗೆ ಜನ ಬೇಕೆಂದು ಒಂದು ಜಾಹೀರಾತನ್ನಾದರೂ ನಾನು ಕಾಣಲಿಲ್ಲ. ಕಡಬದ ಸೆಂಟರ್ ತೆರೆಯುವ ದಿನ ಹತ್ತಿರವಾಯಿತು. ಹುದ್ದೆ ಖಾಲಿ ಇಡಲಾಗದೆಂದು ಹೊರಗಿನವರನ್ನು ತೆಗೆದುಕೊಂಡಿದ್ದೇವೆ, ನಿಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದು ಮೇಲ್ ಬಂತು. ಸಿಸಿಯಲ್ಲಿ ಮ್ಯಾನೇಜರು ಇದ್ದರು.

ಹೊಸಬಳು ಸುಳ್ಯದ ಹುಡುಗಿ. ಹದಿನೈದು ದಿನ ಕೆಲಸ ಕಲಿಯಲು ಅವಳನ್ನು ಕಳಿಸಿದ್ದು ಎಲ್ಲಿಗೆ? ದರ್ಬೆಗೆ, ನನ್ನ ಪಕ್ಕದ ಕುರ್ಚಿಗೆ. ನಾನು ಚೇಂಬರಿಗೆ ಹೋಗಿ, "ಸರ್, ಇವಳನ್ನೇ ಇಲ್ಲಿ ಇಟ್ಟುಕೊಳ್ಳಿ. ನನ್ನನ್ನು ಅಲ್ಲಿಗೆ ಬಿಡಿ" ಎಂದೆ.

"ಅವಳ ಆರ್ಡರ್ ಕಡಬಕ್ಕೆ ಆಗಿದೆ. ನನ್ನ ಕೈಯಲ್ಲಿ ಎಂತ ಉಂಟು ಹೇಳಿ?" ಈ ಸಲ ಚಾ ತರಿಸಲಿಲ್ಲ.

ಹುಡುಗಿಗೆ ಸರಿಯಾಗಿ ಕಲಿಸಬಾರದು ಎಂದೂ ಒಂದು ದಿನ ಅನ್ನಿಸಿತು. ಆದರೆ ಅವಳದೇನು ತಪ್ಪು? ಕಲಿಸಿದೆ. ಕೊನೆಯ ದಿನ ಅವಳು, "ಒಂದು ವರ್ಷ ಆದ ಮೇಲೆ ಸುಳ್ಯಕ್ಕೆ ಟ್ರಾನ್ಸ್‌ಫರ್ ಕೇಳುದು ಅಂತ ಉಂಟು ಅಕ್ಕ. ಮೇಲ್ ಹೇಗೆ ಬರೆಯುದು?" ಎಂದಳು. ನನ್ನ ಹಳೆಯ ಮೇಲ್ ತೆರೆದು ನಕಲು ಮಾಡಿ, ಕೊನೆಯ ಸಾಲನ್ನು ಅಳಿಸಿ ಕೊಟ್ಟೆ.

"ಅದು ಇರ್ಲಿ ಅಕ್ಕ, ಮರ್ಯಾದೆಗೆ."

"ಮರ್ಯಾದೆ ಬಾಯಲ್ಲಿ ಹೇಳು. ಮೇಲ್‌ನಲ್ಲಿ ತಾರೀಕು ಬರಿ," ಎಂದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು. ಅವಳು ಮುಖ ಸಣ್ಣ ಮಾಡಿಕೊಂಡಳು.

ಮನೆಗೆ ಬಂದಾಗ ಮಗಳು ಚೇಚಿ ಹಾಕಿದ ಜಡೆಯನ್ನು ಬಿಚ್ಚುತ್ತಿದ್ದಳು. "ಕಡಬಕ್ಕೆ ಯಾವಾಗ ಅಮ್ಮ?" ಎಂದು ಕೇಳಿದಳು. ಅವಳಿಗೆ ನಾನು ಇನ್ನೂ ಹೇಳಿರಲಿಲ್ಲ.

"ಬದಲಿ ಜನ ಸಿಕ್ಕಿದ ಮೇಲೆ."

"ಹುಡುಕುದು ಯಾರು?" ಎಂದಳು.