ಶಿವರುದ್ರಮ್ಮನವರ ಬಂಡಿದಾರಿ

ಇಪ್ಪತ್ತೇಳು ವರ್ಷ ವಕೀಲರ ಫೈಲು ಹೊತ್ತ ಗುಮಾಸ್ತ ನಾನು, ಲಿಂಗಯ್ಯ. ಚಾಮರಾಜನಗರದ ಕೋರ್ಟಿನಲ್ಲಿ ಸುಳ್ಳು ಹೇಳಿ ಗೆದ್ದವರನ್ನೂ ಸೋತವರನ್ನೂ ಬೇಕಾದಷ್ಟು ನೋಡಿದ್ದೇನೆ. ನಿಜ ಹೇಳಿದ್ದರಿಂದಲೇ ಸೋತವರೆಂದರೆ ನನ್ನ ಕಣ್ಣೆದುರಿಗೆ ಒಬ್ಬರೇ, ಶಿವರುದ್ರಮ್ಮ.

ಕುದೇರಿನ ಕಡೆ ಅವರಿಗೆ ಎರಡೂವರೆ ಎಕರೆ. ಅರಿಶಿನ, ಏಲಕ್ಕಿ ಬಾಳೆ, ಉತ್ತರದ ಅಂಚಿಗೆ ಹನ್ನೆರಡು ತೆಂಗು. ಗಂಡ ಗುರುಸಿದ್ದಯ್ಯ ತೀರಿಕೊಂಡ ಮೇಲೆ ಬೇಸಾಯವೆಲ್ಲ ಅವರ ಕೈಯಲ್ಲೇ. ಸಂತೆಯಲ್ಲಿ ತಕ್ಕಡಿ ಕೂದಲೆಳೆ ವಾಲಿದರೂ ಜಗಳಕ್ಕೆ ನಿಲ್ಲುವ ಹೆಂಗಸು. ತನ್ನ ಕಡೆಗೆ ವಾಲಿದರೂ ಅದೇ ಜಗಳ! ಅಂಥವರು ಕೋರ್ಟಿಗೆ ಬಂದದ್ದು ದಾರಿಗಾಗಿ.

ಮದುವೆಯಾಗಿ ಬಂದಾಗಿನಿಂದ ಅವರ ಬಂಡಿ ಟಾರ್ ರಸ್ತೆಗೆ ಹೋಗುತ್ತಿದ್ದದ್ದು ಪಕ್ಕದ ಮಹದೇವಪ್ಪನವರ ಹೊಲದ ಅಂಚಿನಲ್ಲಿ. ಆತ ಸತ್ತ ಮೇಲೆ ಮಗ ಮಹದೇವಪ್ರಸಾದ್ ಮುಳ್ಳುತಂತಿ ಎಳೆದು ಗೇಟಿಗೆ ಬೀಗ ಹಾಕಿದ. ಹೊಲದ ಬಾಗಿಲಿಗೆ ಗಾಡಿ ಬಾರದಿದ್ದರೆ ಬಾಳೆ ವ್ಯಾಪಾರಿ ತಿರುಗಿಯೂ ನೋಡುವುದಿಲ್ಲ. ಮೂರು ಕೊಯ್ಲು ಆಕೆ ಗೊನೆಗಳನ್ನು ತಲೆಯ ಮೇಲೇ ಹೊರಿಸಿದರು. ಅರವತ್ತನಾಲ್ಕರ ವಯಸ್ಸಿನಲ್ಲಿ ತಾವೂ ಹೊತ್ತರು. ದಾರಿ ಸಿಗದಿದ್ದರೆ ಬೇಸಾಯ ಬಿಡುವುದೊಂದೇ ಉಳಿದಿತ್ತು.

ನಮ್ಮ ವಕೀಲರು ದಾವೆಯಲ್ಲಿ ಎರಡು ಮಾತು ಬರೆದರು. ಒಂದು, ಇಪ್ಪತ್ತು ವರ್ಷಕ್ಕೂ ಮೀರಿ ಎಲ್ಲರ ಕಣ್ಣೆದುರಿಗೆ, ಅಡ್ಡಿಯಿಲ್ಲದೆ, ಹಕ್ಕಿನಿಂದ ಓಡಾಡಿದ್ದಾರೆ. ಎರಡು, ಎರಡೂ ಜಮೀನು ಹಿಂದೆ ಒಂದೇ ಮನೆತನದ್ದು, ಭಾಗವಾದಾಗ ಈ ಕಡೆಯದಕ್ಕೆ ಬೇರೆ ದಾರಿಯೇ ಉಳಿಯಲಿಲ್ಲ. ಈ ಎರಡರಲ್ಲಿ ಒಂದಾದರೂ ನಿಂತೀತು ಎಂದು ನಾನೂ ಧೈರ್ಯ ಹೇಳಿದ್ದೆ.

ಪಾಟಿ ಸವಾಲಿನ ದಿನ ಎದುರು ವಕೀಲರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳಿದರು: "ಬಂಡಿ ಹೊಡೆಯುವ ಮೊದಲು ಮಹದೇವಪ್ಪನವರನ್ನು ಕೇಳುತ್ತಿದ್ದಿರಾ ಅಮ್ಮ?"

ಶಿವರುದ್ರಮ್ಮನವರಿಗೆ ರೇಗಿತು. "ಕೇಳ್ದೆ ಓದೀನಾ ಸ್ವಾಮಿ? ನಾವೇನು ಕಳ್ರಾ? ಪ್ರತಿ ವರ್ಸ ಕೊಯ್ಲಿಗೆ ಮುಂಚೆ ಅವ್ರ ಜಗಲಿ ಮುಂದೆ ನಿಂತ್ಕಂಡು, 'ಅಣ್ಣಾ, ಬಂಡಿ ಒಡ್ಕಳ್ಳಾ?' ಅಂತಿದ್ದೆ. ಮೊದಲ್ನೇ ಗೊನೆ ಅವ್ರ ಮನೆಗೇ. ಬ್ಯಾಡ ಅಂದಿದ್ರೆ ನಿಂತ್ಬುಡ್ತಿದ್ದೆ."

ಬೆರಳಚ್ಚುಗಾರರು ಅಷ್ಟನ್ನೂ ಬಡಿದು ಮುಗಿಸಿದರು. ನಮ್ಮ ವಕೀಲರ ಪೆನ್ನು ನಿಂತುಹೋಯಿತು.

ಹೊರಗೆ ಮರದಡಿ ಕೂರಿಸಿ ಹೇಳಿದೆ: "ಅಮ್ಮಾ, ಕೇಳಿ ಹೋದರೆ ಅದು ಅವರು ಕೊಟ್ಟ ಅನುಮತಿ ಕಣಮ್ಮ. ಅನುಮತಿ ಮೇಲೆ ನೂರು ವರ್ಷ ನಡೆದ್ರೂ ಅದು ಹಕ್ಕಾಗಲ್ಲ."

ಆಕೆ ಕಣ್ಣು ಪಿಳುಕಿಸದೆ ನನ್ನನ್ನೇ ನೋಡಿದರು. "ಅಂಗಾರೆ ಕದ್ದು ಓಗಿದ್ರೆ ಗೆಲ್ತಿದ್ನಾ ಲಿಂಗಣ್ಣ?"

"ಕದ್ದು ಹೋದ್ರೂ ಆಗಲ್ಲ. ಎಲ್ಲರೆದುರಿಗೆ, ಇದು ನನ್ನ ದಾರಿ ಅಂತ ಹೋಗಿರಬೇಕಿತ್ತು."

"ಇನ್ನೊಬ್ರ ನೆಲಾನಾ? ನಮ್ಮತ್ತೆ ನಂಗೆ ಅಂಗೆ ಕಲಿಸ್ಲಿಲ್ಲ ಕಣಪ್ಪ," ಎಂದು ಎದ್ದುಬಿಟ್ಟರು. ಕಾನೂನಿನ ಮೇಲೆ ನನಗೆ ಹುಟ್ಟಿದ ಸಿಟ್ಟು ಅಷ್ಟಿಷ್ಟಲ್ಲ.

ಎರಡನೆಯ ಮಾತೊಂದು ಉಳಿದಿತ್ತು. ಅದಕ್ಕೆ ಸಾಕ್ಷಿ ಕರಿಬಸಮ್ಮ. ಶಿವರುದ್ರಮ್ಮನವರ ಹೊಲದ ಹಿಂದೆ ಅವಳದೊಂದು ಎಕರೆ ಹುರುಳಿ ಹೊಲ. "ನಮ್ ಕಡೀಗೆ ಬಂಡಿದಾರಿನೇ ಇಲ್ಲ ಸ್ವಾಮಿ. ಮೂವತ್ತು ವರ್ಸದಿಂದ ಉಳ್ಳಿ ಎಲ್ಲಾ ತಲೆ ಮ್ಯಾಲೇ ಒತ್ತಿವ್ನಿ," ಎಂದು ಕಟಕಟೆಯಲ್ಲೇ ನೆತ್ತಿ ಮುಟ್ಟಿ ತೋರಿಸಿದಳು. ಶಿವರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳು ಬದುವಿನ ಮೇಲೆ ಹೊರೆ ಹೊತ್ತು ಬಂದಾಗಲೆಲ್ಲ ಇಳಿಸಿ ಮಜ್ಜಿಗೆ ಕೊಡುತ್ತಿದ್ದವರು ಅವರೇ.

ಎದುರು ಕಡೆಯವರು ಸ್ಥಳ ಅಳೆಸಬೇಕೆಂದು ಅರ್ಜಿ ಹಾಕಿದರು. ಕೋರ್ಟು ಸರ್ಕಾರಿ ಸರ್ವೆಯರನ್ನೇ ಕಮಿಷನರಾಗಿ ನೇಮಿಸಿತು. ಎರಡೂ ಕಡೆಗೆ ನೋಟಿಸು ಕೊಟ್ಟು, ಒಂದು ಬೆಳಿಗ್ಗೆ ಅವರು ಗ್ರಾಮ ನಕ್ಷೆ, ಹಳೆಯ ಅಳತೆಯ ಟಿಪ್ಪಣಿ ಹಿಡಿದು ಬಂದರು. ಕದಲದೆ ಉಳಿದಿದ್ದ ದೂರದ ಗಡಿಯ ಬಾಂದು ಕಲ್ಲುಗಳಿಂದ ಅಳತೆ ಹಿಡಿದು ಸುಣ್ಣ ಹಾಕುತ್ತಾ ನಡೆದರು. ಟಾರ್ ರಸ್ತೆಯಿಂದ ಕೆರೆಯ ಕಡೆಗೆ ಬರುವ ಮುಳ್ಳುಪೊದೆಯ ಓಣಿ, ನಾವೆಲ್ಲ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದದ್ದು, ಮುಗಿದಿರಲಿಲ್ಲ. ಸುಣ್ಣದ ಎರಡು ಗೆರೆ ಶಿವರುದ್ರಮ್ಮನವರ ಬೇಲಿ ನುಗ್ಗಿ, ಹನ್ನೆರಡು ತೆಂಗನ್ನೂ ನಡುವೆ ಹಾಕಿಕೊಂಡು, ನೇರ ಕರಿಬಸಮ್ಮನ ಹೊಲಕ್ಕೆ ಹೋಗಿ ನಿಂತವು.

"ನಕ್ಷೆಯಲ್ಲಿ ಜೋಡಿ ಚುಕ್ಕಿ ಗೆರೆ ಇದೆ ನೋಡಿ. ಇದು ಸರ್ಕಾರಿ ಬಂಡಿದಾರಿ. ಯಾರೋ ಉತ್ತು ಸೇರಿಸಿಕೊಂಡಿದ್ದಾರೆ," ಎಂದರು ಸರ್ವೆಯರು. "ಈ ಮೂಲೆಯ ಬಾಂದು ಕಲ್ಲೂ ಇಲ್ಲ. ತಲೆಯ ಮೇಲೆ ಗುಣಾಕಾರದ ಗುರುತು ಇರುವಂಥದ್ದು. ಯಾರಾದರೂ ನೋಡಿದ್ದೀರಾ?"

ಶಿವರುದ್ರಮ್ಮನವರ ಮುಖ ಬಿಳಿಚಿಕೊಂಡಿತು. ಮನೆಯ ಕಡೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಹಿತ್ತಲಿನಲ್ಲಿ ನೆಲಕ್ಕೆ ಮಲಗಿಸಿದ್ದ ಬಟ್ಟೆ ಒಗೆಯುವ ಕಲ್ಲು. ಅದರ ಒಂದು ತುದಿಗೆ ಮೆತ್ತಿದ್ದ ಪಾಚಿಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿದರು. ಗುಣಾಕಾರ ಎದ್ದು ಕಂಡಿತು.

"ನಿಂಗೆ ಒಗಿಯಾಕೆ ಅಂತ ನಮ್ಮೆಜಮಾನ್ರು ಬಂಡೀಲಿ ತಂದಾಕಿದ್ರು," ಎಂದರು. "ಬೀಳು ಬಿದ್ದೈತೆ, ಸಸಿ ನೆಡನ ಅಂದ್ರು. ಆ ಗಿಡಗಳಿಗೆ ಬಿಂದಿಗೇಲಿ ನೀರು ಉಯ್ದೋಳು ನಾನೇ ಕಣಪ್ಪ."

ಗುರುಸಿದ್ದಯ್ಯ ಊರಿನ ದಾರಿಯನ್ನು ನುಂಗಿ, ಹೆಂಡತಿಯನ್ನು ವರ್ಷ ವರ್ಷ ಪಕ್ಕದವರ ಜಗಲಿ ಮುಂದೆ ನಿಲ್ಲಿಸಿದ್ದ! ನನಗೆ ಇನ್ನೊಂದು ಪೆಟ್ಟು ಕಾದಿತ್ತು. ಆಫೀಸಿಗೆ ಬಂದು ಅವರ ಪಹಣಿ ತೆಗೆದೆ. ವಿಸ್ತೀರ್ಣದ ಕಾಲಮಿನಲ್ಲಿ 'ಖರಾಬು ಬ', ಅಂದರೆ ಸಾರ್ವಜನಿಕ ನೆಲ, ನಾಲ್ಕು ಗುಂಟೆ ಎಂದು ಅಚ್ಚಾಗಿತ್ತು. ದಾವೆ ನಡೆದ ನಾಲ್ಕು ವರ್ಷ ಆ ಹಾಳೆಯನ್ನು ನಾನೇ ಹೊತ್ತು ತಿರುಗಿದ್ದೆ. ಕಣ್ಣಿದ್ದೂ ಕುರುಡ ನಾನು.

ದಾವೆ ವಜಾ ಆಯಿತು. ಸ್ವಂತ ಹೊಲದಲ್ಲೇ ಸರ್ಕಾರಿ ದಾರಿ ಇರುವವರಿಗೆ ಪಕ್ಕದವರ ಹೊಲದಲ್ಲಿ ದಾರಿ ಕೊಡಲಾಗದು ಎಂದಿತು ಕೋರ್ಟು. ತೀರ್ಪಿನಲ್ಲಿ ನಿಂತದ್ದು ನಕ್ಷೆ, ಟಿಪ್ಪಣಿ, ಕಮಿಷನರ ವರದಿ, ಮತ್ತು ಶಿವರುದ್ರಮ್ಮನವರ ಸ್ವಂತ ಮಾತು. ದಾರಿ ಇಲ್ಲವೆಂದ ಕರಿಬಸಮ್ಮನ ಸಾಕ್ಷಿ ನಕ್ಷೆಯ ಮುಂದೆ ನಿಲ್ಲಲಿಲ್ಲ. ಮೇಲ್ಮನವಿ ಹಾಕೋಣವೇ ಎಂದು ವಕೀಲರು ಕೇಳಿದರೆ ಆಕೆ ಕೈ ಮುಗಿದುಬಿಟ್ಟರು.

ತೆರವಿಗೆ ತಹಸೀಲ್ದಾರರ ನೋಟಿಸು ಬರುವ ತನಕ ಅವರು ಕಾಯಲೂ ಇಲ್ಲ. ನಾನು ಹೋದ ದಿನ ಹನ್ನೊಂದು ಮರ ಉರುಳಿದ್ದವು. ಒಗೆಯುವ ಕಲ್ಲು ಹಿತ್ತಲಿನಿಂದ ಮೂಲೆಗೆ ಬಂದು, ಸರ್ವೆಯರು ತೋರಿಸಿದ ಗುಳಿಯಲ್ಲಿ ನೆಟ್ಟಗೆ ನಿಂತಿತ್ತು. ಕೊನೆಯ ಮರಕ್ಕೆ ಕೊಡಲಿ ಬೀಳುವ ಹೊತ್ತಿಗೆ ಕರಿಬಸಮ್ಮ ಬಂದಳು. ಬೈಯುತ್ತಾಳೆಂದೇ ನಾನು ಅಂದುಕೊಂಡೆ. ಶಿವರುದ್ರಮ್ಮನೂ ಅದಕ್ಕೇ ಕಾದವರಂತೆ ತಲೆ ತಗ್ಗಿಸಿದರು.

ಅವಳು ಬೈಯಲಿಲ್ಲ. ಮೂವತ್ತು ವರ್ಷದ ರೂಢಿಯಂತೆ ಬದುವಿನಾಚೆಯೇ ನಿಂತು, ಸೆರಗು ಸರಿಮಾಡಿಕೊಂಡು ಕೇಳಿದಳು: "ಅಕ್ಕಾ, ನಾಳೀಕೆ ಉಳ್ಳಿ ತುಂಬ್ಕಂಡು ಈ ಕಡೆ ಟ್ರಾಕ್ಟರ್ ಒಡಿಸ್ಕಳ್ಳಾ?"

ಗಂಡ ಸತ್ತಾಗಲೂ ಗಟ್ಟಿಯಾಗಿ ನಿಂತಿದ್ದರೆಂದು ಊರು ಹೇಳುವ ಹೆಂಗಸು ಆ ದಾರಿಯ ನಡುವೆ ಕುಸಿದು ಕೂತು ಅತ್ತುಬಿಟ್ಟರು.

"ನನ್ನ ಕೇಳ್ಬ್ಯಾಡ ಕಣವ್ವ," ಎಂದರು. "ಇದು ನಿಂದೇ ದಾರಿ."