ನಾಳೆ ಎಂದು ಬರೆದ ಸುದ್ದಿ

ಹುಮನಾಬಾದಿನ ಧಾನ್ಯದ ಮಾರುಕಟ್ಟೆಯಾದ ಗಂಜ್‌ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಗಳ ಒಂದು ಸಮುದಾಯ ರೇಡಿಯೊ ಕೇಂದ್ರವಿದೆ. ಮುಂದಿನ ಕೋಣೆಯಲ್ಲಿ ಮೇಜು, ಕಂಪ್ಯೂಟರು, ನೀರಿನ ಕೊಡ. ಒಳಗಿನ ಕೋಣೆಯ ಗೋಡೆಗೆ ಹಳೆಯ ಗಾದಿಗಳನ್ನು ಹೊಡೆದು, ಮೇಲೆ ಬಟ್ಟೆ ಹೊದಿಸಿ, ಧ್ವನಿ ಮುದ್ರಿಸುವ ಜಾಗ ಮಾಡಿದ್ದಾರೆ. ಆ ಗಾದಿಗಳ ಮೇಲಿನ ಬಟ್ಟೆಯನ್ನು ಹೊಲಿಯಲು ಬಂದಿದ್ದವಳು ವಹೀದಾ. ಹೊಲಿಗೆ ಮುಗಿಸಿ ಹೋಗಬೇಕಾದವಳು ಅಲ್ಲಿಯೇ ಉಳಿದು ಈಗ ಏಳು ವರ್ಷ.

ಅವಳು ಉಳಿದದ್ದಕ್ಕೆ ಕಾರಣ ಕೇಂದ್ರದ ಮುಖ್ಯಸ್ಥ ವೈಜಿನಾಥರು. ಗಾದಿ ಹೊಲಿಯುತ್ತ ಕೂತಿದ್ದಾಗ ವಹೀದಾ ತನ್ನ ಓಣಿಯಲ್ಲಿ ನಡೆದ ಒಂದು ಜಗಳವನ್ನು ಯಾರಿಗೋ ಹೇಳುತ್ತಿದ್ದಳು. ಪಕ್ಕದ ಕೋಣೆಯಿಂದ ಅದನ್ನು ಕೇಳಿದ ಅವರು ಹೊರಗೆ ಬಂದು, "ನೀ ಹೇಳೂದು ಒಮ್ಮಿಗೇ ತಿಳೀತೈತಿ. ನಮ್ಮ ಹುಡುಗ್ರು ಬರ್ದಿದ್ದು ಮೂರ ಸಲ ಓದಿದ್ರೂ ತಿಳಿಯಂಗಿಲ್ಲ. ನಾಳಿಯಿಂದ ಸುದ್ದಿ ನೀ ಬರಿ," ಎಂದರು. ವಹೀದಾ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ತಾನು ಬರೆಯುವುದೇ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಮರುದಿನ ಬಂದಳು.

ಕೇಂದ್ರದಿಂದ ದಿನಕ್ಕೆ ಒಂದು ನಿಮಿಷದ ಊರ ಸುದ್ದಿ ಹೋಗುತ್ತದೆ. ಇಂಥ ಕೇಂದ್ರಗಳು ರಾಜಕೀಯದ ಸುದ್ದಿಯನ್ನು ತಾವೇ ಬರೆದು ಹೇಳುವಂತಿಲ್ಲ. ನೀರು ಯಾವ ಓಣಿಗೆ ಯಾವಾಗ ಬರುತ್ತದೆ, ಕರೆಂಟು ಎಲ್ಲಿ ಇರುವುದಿಲ್ಲ, ಗಂಜ್‌ನಲ್ಲಿ ತೊಗರಿಗೆ ಏನು ದರ, ಲಸಿಕೆ ಎಲ್ಲಿ, ಶಿಬಿರ ಎಲ್ಲಿ, ಇಷ್ಟೇ. ಇಷ್ಟನ್ನೇ ಅರವತ್ತು ಸೆಕೆಂಡಿನಲ್ಲಿ ಹೇಳಬೇಕು. ಸುದ್ದಿ ಓದುವ ಹುಡುಗ ಧಮ್ಮಪಾಲನ ವೇಗಕ್ಕೆ ಅದು ಸುಮಾರು ತೊಂಬತ್ತು ಪದ. ಸಂಜೆ ಆರಕ್ಕೆ ಮುದ್ರಿಸಿ ಆರೂವರೆಗೆ ಬಿಡುತ್ತಾರೆ. ಅದೇ ಮುದ್ರಣ ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೊಮ್ಮೆ ಹೋಗುತ್ತದೆ. ಅರವತ್ತು ಸೆಕೆಂಡು ಮುಗಿದ ಕೂಡಲೇ ಕಂಪ್ಯೂಟರು ತಾನಾಗಿ ಮುಂದಿನ ಕಾರ್ಯಕ್ರಮಕ್ಕೆ ಹೋಗಿಬಿಡುತ್ತದೆ. ಅರವತ್ತೊಂದನೆಯ ಸೆಕೆಂಡಿನಲ್ಲಿ ಇದ್ದ ಮಾತು ಯಾರಿಗೂ ಕೇಳುವುದಿಲ್ಲ.

ವಹೀದಾ ಆ ತೊಂಬತ್ತು ಪದಗಳಿಗೆ ಎರಡು ತಾಸು ತೆಗೆದುಕೊಳ್ಳುತ್ತಿದ್ದಳು. ಒಂದು ಸಾಲಿಗೆ ಒಂದೇ ವಾಕ್ಯ, ಒಂದು ವಾಕ್ಯದಲ್ಲಿ ಒಂದೇ ಸಂಗತಿ. ಗಂಜ್‌ನವರು ಒಂಬತ್ತು ಸಾವಿರದ ಎಪ್ಪತ್ತೇಳು ಎಂದು ಕಳಿಸಿದ ದರವನ್ನು ಅವಳು ಒಂಬತ್ತು ಸಾವಿರದ ಆಸುಪಾಸು ಎಂದು ಬರೆಯುತ್ತಿದ್ದಳು. ಊರಿನ ಹೆಸರನ್ನು ವಾಕ್ಯದ ಮೊದಲ ಪದವಾಗಿ ಇಡುತ್ತಿರಲಿಲ್ಲ. ಕೇಳುವವರ ಕಿವಿ ಆ ಹೊತ್ತಿಗೆ ಇನ್ನೂ ರೊಟ್ಟಿ ಬಡಿಯುವ ಸಪ್ಪಳದಲ್ಲೇ ಇರುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದುತ್ತ ಮಹಡಿಯ ಮೆಟ್ಟಿಲ ಮೇಲೆ ಓಡಾಡುವಳು. ಉಸಿರು ಎಲ್ಲಿ ತುಂಡಾಯಿತೋ ಅಲ್ಲಿ ವಾಕ್ಯವನ್ನೂ ತುಂಡು ಮಾಡುವಳು. ಹೊಸಬರು ಬಂದರೆ ಅವರಿಗೆ ಹೇಳುತ್ತಿದ್ದ ಮಾತು ಒಂದೇ. ಪೇಪರ್ ಓದುವವನು ಪುಟ ತಿರುಗಿಸಿ ಹಿಂದಕ್ಕೆ ಹೋಗಬಹುದು, ಕಿವಿಗೆ ಹಿಂದಿನ ಪುಟ ಇಲ್ಲ.

ಇನ್ನೊಂದು ಕಟ್ಟಳೆಯನ್ನೂ ಅವಳೇ ಮಾಡಿದ್ದಳು. ಊರ ಸುದ್ದಿಯಲ್ಲಿ ಇವತ್ತು, ನಾಳೆ ಎಂದು ಬರೆಯಬಾರದು. ವಾರ, ತಾರೀಕು ಎರಡನ್ನೂ ಬರೆಯಬೇಕು. ಸಂಜೆಯ ನಾಳೆ ಬೆಳಿಗ್ಗೆಯ ಹೊತ್ತಿಗೆ ಇವತ್ತಾಗಿರುತ್ತದೆ. ಇದನ್ನು ಮುರಿದವಳೂ ಅವಳೇ.

ಅದು ಹದಿಮೂರನೆಯ ತಾರೀಕು, ಬುಧವಾರ. ಮರುದಿನ ಬಸವಕಲ್ಯಾಣದ ತಾಲ್ಲೂಕು ಆಸ್ಪತ್ರೆಯಲ್ಲಿ ಅಂಗವಿಕಲರ ತಪಾಸಣೆ ಇತ್ತು. ಬೀದರಿನಿಂದ ವೈದ್ಯರು ಬಂದು, ನೋಡಿ, ಅಲ್ಲಿಯೇ ಪ್ರಮಾಣಪತ್ರ ಕೊಡುವವರಿದ್ದರು. ವಹೀದಾ ಹೀಗೆ ಬರೆದಿದ್ದಳು:

"ಅಂಗವಿಕಲರಿಗೆ ಒಂದು ಸೂಚನೆ. ತಪಾಸಣಾ ಶಿಬಿರ ಬಸವಕಲ್ಯಾಣದಲ್ಲಿ ಇದೆ. ಶಿಬಿರ ಗುರುವಾರ, ಹದಿನಾಲ್ಕನೇ ತಾರೀಕು. ತಾಲ್ಲೂಕು ಆಸ್ಪತ್ರೆಗೆ ಬನ್ನಿ. ಬೆಳಿಗ್ಗೆ ಹತ್ತರೊಳಗೆ ಬನ್ನಿ. ಆಧಾರ್ ಕಾರ್ಡು ತನ್ನಿ. ಎರಡು ಫೋಟೊ ತನ್ನಿ. ಮತ್ತೊಮ್ಮೆ ಹೇಳುತ್ತೇವೆ. ಗುರುವಾರ, ಹದಿನಾಲ್ಕು."

ಐದೂ ಮುಕ್ಕಾಲಿಗೆ ಪುರಸಭೆಯಿಂದ ಫೋನು ಬಂತು. ಪೈಪು ಒಡೆದಿದೆ, ಎರಡು ಓಣಿಗಳಿಗೆ ನೀರಿಲ್ಲ, ಅದನ್ನೂ ಸೇರಿಸಿ ಎಂದರು. ವಹೀದಾ ಸೇರಿಸಿದಳು. ಧಮ್ಮಪಾಲ ಗಡಿಯಾರ ನೋಡುತ್ತ ಓದಿದ. ಅರವತ್ತೈದು ಸೆಕೆಂಡು.

"ಆಪಾ, ಐದ ಸೆಕೆಂಡ ಕಡೀರಿ," ಎಂದ. "ಇಲ್ಲಾಂದ್ರ ನಾ ಮೋಟರ್ ಸೈಕಲ್ ಹೊಡ್ದಂಗ ಓದಬೇಕಾಗ್ತದ."

"ನೀ ಹಂಗ ಓದಿದ್ರ ಜನ ಪೆಟ್ರೋಲ್ ದರ ಕೇಳ್ತಾರ," ಎಂದು ವಹೀದಾ ಕಾಗದ ಎಳೆದುಕೊಂಡಳು.

ತೊಗರಿಯ ದರ ತೆಗೆಯುವಂತಿಲ್ಲ. ನೀರಿನದು ಈಗ ತಾನೇ ಬಂದದ್ದು. ಆಧಾರ್, ಫೋಟೊ ತೆಗೆದರೆ ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಅವಳ ಪೆನ್ನು ಶಿಬಿರದ ಮೂರನೆಯ ಸಾಲಿನ ಮೇಲೆ ನಿಂತಿತು. ಅದನ್ನು ಹೊಡೆದು, "ಶಿಬಿರ ನಾಳೆ" ಎಂದು ಬರೆದಳು. ಕೊನೆಯ ಎರಡು ಸಾಲುಗಳನ್ನೂ ಹೊಡೆದಳು. ಧಮ್ಮಪಾಲ ಮತ್ತೆ ಓದಿದ. ಸರಿಯಾಗಿ ಅರವತ್ತು. ಅವನು ಹೆಬ್ಬೆರಳು ಎತ್ತಿ ತೋರಿಸಿದ. ವಹೀದಾಳಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಈಗಲೂ ಅವಳಿಗೆ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಏಳಕ್ಕೆ ಅದೇ ಮುದ್ರಣ ಮತ್ತೆ ಹೋಯಿತು. ಆಗ ಅವಳು ಮನೆಯಲ್ಲಿ ಮಕ್ಕಳಿಗೆ ಡಬ್ಬಿ ಕಟ್ಟುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಇಬ್ಬರು ಹೆಂಗಸರು ಮಹಡಿ ಹತ್ತಿ ಬಂದರು. ಮುಂದೆ ಬಂದವಳು ಜಿಜಾಬಾಯಿ. ಅವಳ ಹೆಗಲ ಮೇಲೆ ಕೈಯಿಟ್ಟು ಹಿಂದೆ ಬಂದವಳು ಅವಳ ನೆಗೆಣ್ಣಿ ಸೋನುಬಾಯಿ. ಸೋನುಬಾಯಿಗೆ ಐವತ್ತು ದಾಟಿದೆ. ಹತ್ತು ವರ್ಷದಿಂದ ಕಣ್ಣು ಕಾಣುವುದಿಲ್ಲ. ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಕೈಯ ಅಂದಾಜಿನ ಮೇಲೆ ಹಗ್ಗದ ಮಂಚ, ಸ್ಟೂಲು ಹೆಣೆಯುತ್ತಾಳೆ. ವಹೀದಾ ಅವಳನ್ನು ನೋಡಿದ್ದು ಅದೇ ಮೊದಲು.

"ಸುದ್ದಿ ಬರಿಯಾಕಿ ಯಾರು?" ಎಂದಳು ಸೋನುಬಾಯಿ.

"ನಾನೇ ಮಾವಶಿ. ಕುಂದರ್ರಿ."

"ಕುಂದ್ರಾಕ ಬಂದಿಲ್ಲ. ಈಗ ಕಲ್ಯಾಣದಿಂದ ಬಸ್ ಇಳ್ದು ಬಂದೀವಿ. ಅಲ್ಲಿ ದವಾಖಾನಿ ಬಾಗಲದಾಗ ಶಿಬಿರ ನಿನ್ನಿ ಮುಗೀತು ಅಂದ್ರು. ನೀವು ನಾಳೆ ಅಂದಿದ್ರಿ. ನಿನ್ನಿ ಮುಂಜಾನಿ ನನ್ನ ಕಿವೀಲೆ ಕೇಳೀನಿ."

ಜಿಜಾಬಾಯಿ ನಡುವೆ ಬಾಯಿ ಹಾಕಿದಳು. "ನಾ ಹೇಳ್ದೆರಿ, ಸಂಜೀನೂ ಕೇಳು ಅಂತ. ಸಂಜೀ ಮನ್ಯಾಗ ಟಿವಿ ಹಚ್ತಾರ, ರೇಡಿಯೊ ಯಾರ ಕೇಳ್ತಾರ. ಮುಂಜಾನಿ ಇಕಿ ಒಬ್ಬಾಕೀನೇ ಕೇಳಾಕಿ."

ವಹೀದಾ ಬುಧವಾರದ ಕಾಗದ ತೆಗೆದಳು. ಹೊಡೆದ ಸಾಲು ಹಾಗೇ ಇತ್ತು. ಅದರ ಮೇಲೆ ನಾಳೆ ಎಂದು ದುಂಡಗೆ, ಅಚ್ಚುಕಟ್ಟಾಗಿ ಬರೆದಿತ್ತು.

"ತಪ್ಪು ನಂದೈತಿ ಮಾವಶಿ. ನೀವು ಸರಿಯಾಗೇ ಕೇಳೀರಿ."

"ಸರಿಯಾಗಿ ಕೇಳೀನಿ ಅಂದ್ರ ಮತ್ತ ನಾ ಯಾಕ ಹೊಳ್ಳಿ ಬಂದೆ?"

ಬರೀ ಪ್ರಮಾಣಪತ್ರವಾಗಿದ್ದರೆ ಮತ್ತೊಂದು ಶಿಬಿರಕ್ಕೆ ಕಾಯಬಹುದಿತ್ತು. ಬಸ್ ನಿಲ್ದಾಣದ ಹತ್ತಿರ ಪುರಸಭೆಯ ಒಂದು ಮಳಿಗೆ ಅಂಗವಿಕಲರಿಗೆ ಮೀಸಲಿದೆ ಎಂದು ಜಿಜಾಬಾಯಿ ಬಿಡಿಸಿ ಹೇಳಿದಳು. ಅರ್ಜಿಗೆ ಇಪ್ಪತ್ತನೆಯ ತಾರೀಕು ಕೊನೆ. ಪ್ರಮಾಣಪತ್ರ ಇಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಸೋನುಬಾಯಿ ಅಲ್ಲಿ ಕೂತು ಸ್ಟೂಲು ಹೆಣೆದು ಮಾರಬೇಕು ಎಂದುಕೊಂಡಿದ್ದಳು. ಈಗ ಅವಳು ಮನೆಯ ಹಿತ್ತಿಲಲ್ಲಿ ಕೂತು ಹೆಣೆಯುತ್ತಾಳೆ, ಮಾರುವವನು ಇನ್ನೊಬ್ಬ. ತಾನು ಹೆಣೆದದ್ದನ್ನು ಯಾರು ಕೊಂಡರು, ಏನಂದರು ಎನ್ನುವುದು ಅವಳಿಗೆ ಇಲ್ಲಿಯವರೆಗೆ ಗೊತ್ತಿಲ್ಲ.

ಸೋಮವಾರ ವಹೀದಾ ಮನೆಯಲ್ಲಿ ಮಾಡುವ ಹೊಲಿಗೆಯ ಕೆಲಸವನ್ನು ಆ ದಿನ ಬದಿಗಿಟ್ಟು ಸೋನುಬಾಯಿಯನ್ನು ಬೀದರಿಗೆ ಕರೆದುಕೊಂಡು ಹೋದಳು. ಜಿಲ್ಲಾ ಆಸ್ಪತ್ರೆಯವರು ಒರಟಾಗಿ ಮಾತಾಡಲಿಲ್ಲ. ಹೆಸರು ಬರೆದುಕೊಂಡು ಮುಂದಿನ ತಿಂಗಳ ಒಂಬತ್ತಕ್ಕೆ ಬನ್ನಿ ಎಂದರು. ಸಾಲಿನಲ್ಲಿ ಬಹಳ ಜನರಿದ್ದರು. ಅವರನ್ನು ದಾಟಿ ನಮ್ಮನ್ನು ನೋಡಿ ಎನ್ನಲು ವಹೀದಾಳಿಗೆ ಬಾಯಿ ಬರಲಿಲ್ಲ.

ಅಲ್ಲಿಂದ ಬಂದು ಅವಳು ಕೇಂದ್ರದ ಕಾಗದದ ಮೇಲೆ ತಪ್ಪು ನಮ್ಮದು ಎಂದು ಬರೆದು, ವೈಜಿನಾಥರ ಸಹಿ ಹಾಕಿಸಿ, ಪುರಸಭೆಗೆ ಒಯ್ದಳು. ಅಲ್ಲಿನ ಗುಮಾಸ್ತ ಅದನ್ನು ಪೂರ್ತಿ ಓದಿದ. "ಅಕ್ಕಾರ, ನಿಮ್ಮ ಮಾತು ಖರೆ ಐತಿ. ಆದ್ರ ರೇಡಿಯೊದವರ ಚೀಟಿ ಮ್ಯಾಲ ಮಳಿಗಿ ಕೊಡಾಕ ಬರಂಗಿಲ್ರಿ. ಇನ್ನೊಬ್ಬಾಂವ ಎಲ್ಲಾ ಕಾಗದ ಕೊಟ್ಟಾನ," ಎಂದ. ಆ ಇನ್ನೊಬ್ಬ ಫಿರೋಜ್. ಒಂದು ಕಾಲಿಲ್ಲ. ಪಂಕ್ಚರ್ ತಿದ್ದುವವನು. ಅವನು ಶಿಬಿರಕ್ಕೆ ಗುರುವಾರವೇ ಹೋಗಿದ್ದ. ಸಂಜೆಯ ಸುದ್ದಿ ಕೇಳಿದವನು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ವಹೀದಾಳಿಗೆ ಒಂದು ಕಾರಣವೂ ಸಿಗಲಿಲ್ಲ. ಸಿಟ್ಟೆಲ್ಲ ತನ್ನ ಮೇಲೆಯೇ ಬಂತು.

ಆ ಸಂಜೆಯ ಸುದ್ದಿಯಲ್ಲಿ ಅವಳು ತಿದ್ದುಪಡಿ ಬರೆದಳು. ವೈಜಿನಾಥರು ಓದಿ ಕನ್ನಡಕ ತೆಗೆದರು.

"ಹ್ವಾದ ಶಿಬಿರದ ತಿದ್ದುಪಡಿ ಯಾರಿಗೆ ಬೇಕು ವಹೀದಾ? ಹನ್ನೆರಡ ಸೆಕೆಂಡ ಹೋಗ್ತಾವ."

"ಹೋಗ್ಲಿ ಸರ್. ಬುಧವಾರ ಐದ ಸೆಕೆಂಡ ಉಳಿಸೀನಿ, ಏನಾತು?"

ಅವರು ಕಾಗದವನ್ನು ಒಳಗಿನ ಕೋಣೆಗೆ ಕಳಿಸಿದರು. ಧಮ್ಮಪಾಲ ಓದಿದ. "ನಮ್ಮದೊಂದು ತಪ್ಪು. ಹೋದ ವಾರ ಶಿಬಿರದ ಸುದ್ದಿ ಹೇಳಿದೆವು. ದಿನ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಕೇಳಿದವರು ಶುಕ್ರವಾರ ಹೋದರು. ಶಿಬಿರ ಮುಗಿದಿತ್ತು. ಕೇಳಿದವರ ತಪ್ಪಲ್ಲ. ಬರೆದವರ ತಪ್ಪು." ಧಮ್ಮಪಾಲ ಓದಿ ಮುಗಿಸಿ ಹೊರಗೆ ಬಂದು ಎರಡು ಲೋಟ ನೀರು ಕುಡಿದ.

ಮಳಿಗೆ ಫಿರೋಜ್‌ನದಾಯಿತು. ಮುಂದಿನ ತಿಂಗಳು ಸೋನುಬಾಯಿಗೆ ಪ್ರಮಾಣಪತ್ರವೂ ಸಿಕ್ಕಿತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಹಿತ್ತಿಲಲ್ಲಿ ಕೂತು ಮಂಚ ಹೆಣೆಯುವುದು ನಡೆದೇ ಇದೆ. ವಹೀದಾ ಎರಡು ಸಲ ಅವಳ ಮನೆಗೆ ಹೋದಳು. ಸೋನುಬಾಯಿ ಚಹಾ ಮಾಡಿಸಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ವಹೀದಾ ಓಣಿ ದಾಟುವವರೆಗೂ ಅಂದುಕೊಂಡಳು.

ಸೋನುಬಾಯಿ ರೇಡಿಯೊ ಕೇಳುವುದನ್ನು ಬಿಟ್ಟಿಲ್ಲ. ಆದರೆ ಕೇಳಿದ್ದನ್ನು ನಂಬುವುದನ್ನು ಬಿಟ್ಟಿದ್ದಾಳೆ. ಬೆಳಿಗ್ಗೆ ಏಳರ ಸುದ್ದಿ ಮುಗಿದ ಮೇಲೆ ಜಿಜಾಬಾಯಿಯ ಫೋನಿನಿಂದ ಕೇಂದ್ರಕ್ಕೆ ಕರೆ ಮಾಡುತ್ತಾಳೆ. ಅದಕ್ಕಾಗಿಯೇ ವಹೀದಾ ಈಗ ಮಕ್ಕಳ ಡಬ್ಬಿಯನ್ನು ಗಂಡನಿಗೆ ಒಪ್ಪಿಸಿ ಆರೂ ಮುಕ್ಕಾಲಿಗೆ ಬಂದು ಬಾಗಿಲು ತೆಗೆಯುತ್ತಾಳೆ.

"ಲಸಿಕಿ ಮಂಗಳವಾರ ಅಂದ್ರಲ್ಲ, ಇವತ್ತ ಯಾವ ವಾರ?"

"ಇವತ್ತ ಸೋಮವಾರ ಮಾವಶಿ."

"ಖರೇನ?"

"ಖರೆ ಐತ್ರಿ."

"ಯಾರನ್ನಾರ ಕೇಳಿ ಹೇಳು," ಎನ್ನುತ್ತಾಳೆ ಸೋನುಬಾಯಿ. ವಹೀದಾ ಫೋನನ್ನು ಕಿವಿಯಿಂದ ತೆಗೆಯದೆ ಎದ್ದು, ಕಿಟಕಿಯಿಂದ ಬಗ್ಗಿ, ಕೆಳಗೆ ಗೊಬ್ಬರದ ಅಂಗಡಿಯ ಬಾಗಿಲು ತೆಗೆಯುತ್ತಿರುವವನನ್ನು ಕೇಳುತ್ತಾಳೆ.