ಮೂರು ಬೆರಳಗಲದ ನಿರಿಗೆ

ಮದುಮಕ್ಕಳಿಗೆ ಸೀರೆ ಉಡಿಸುವ ಮಲ್ಲಕ್ಕ ಅಂದು ಗಿಡ್ಡ ಮದುಮಗಳೊಬ್ಬಳ ಸೀರೆಯ ನಿರಿಗೆಗೆ ಇಸ್ತ್ರಿ ಹಾಕುತ್ತಿದ್ದಳು. ಗಂಡ ಗೌರೀಶ ಎಂದಿನಂತೆ ನಿರಿಗೆಯ ಕೆಳತುದಿ ಹಿಡಿದು ಕೂತಿದ್ದ. "ಸಣ್ಣಾಕಿಗೆ ಸಣ್ಣ ನಿರಿಗೀನ ಚೆಂದ ನೋಡ" ಎಂದು ನಕ್ಕ. ಮರುದಿನ ಎದೆನೋವು ಬಂದು ಹೋಗಿಬಿಟ್ಟ.

ಮುಂದಿನ ತಿಂಗಳು ಮಿಶ್ರಿಕೋಟಿಯಲ್ಲಿ ಅಮೃತಾಳ ಮದುವೆ. ಹುಡುಗಿ ಗಿಡ್ಡಿ. ಗಂಡ ಸತ್ತವಳು ಮದುಮಗಳನ್ನು ಮುಟ್ಟಬಾರದೆಂದು ಅವಳ ಸೋದರತ್ತೆ ರೋಹಿಣಿ, ಸೀರೆ ಉಡಿಸಲು ಬಂದ ಮಲ್ಲಕ್ಕನನ್ನು ಹಿತ್ತಲಲ್ಲೇ ಕೂರಿಸಿ, ತಾನೇ ಉಡಿಸಿದಳು. ಜರಿ ಕಾಣಲೆಂದು ಅಂಗೈಯಗಲದ ನಿರಿಗೆ, ಹಿಮ್ಮಡಿ ಮುಟ್ಟುವ ಸೆರಗು. ಅಮೃತಾ ತಿರುಗಿದ್ದೇ ಸೆರಗು ತುಳಿದು ಮುಗ್ಗರಿಸಿದಳು. ಹೊರಗೆ ಅಕ್ಕಿಕಾಳು ಹಾಕುವ ಮುಹೂರ್ತದ ಹೊತ್ತಾಗಿತ್ತು.

"ಮಲ್ಲಕ್ಕ ಕಾಕು ಉಡಿಸಿದ್ರ ಬರ್ತೀನಿ. ಇಲ್ಲಂದ್ರ ಒಲ್ಲೆ" ಎಂದು ಹುಡುಗಿ ಕೂತೇಬಿಟ್ಟಳು.

"ಅಪಶಕುನ ಆಗ್ತದ ಬೇ!" ಎಂದಳು ರೋಹಿಣಿ.

ಹಿತ್ತಲಿಗೂ ಈ ಮಾತು ಕೇಳಿಸಿತು. ಮಲ್ಲಕ್ಕನೇ ಒಳಗೆ ಬಂದಳು. "ಕೆಳಗ ಹಿಡಿಯಾವ ನನಗ ಇಲ್ರಿ. ನೀವ ಹಿಡೀರಿ, ಅಕ್ಕಾರ."

ರೋಹಿಣಿ ಮುಖ ಗಂಟಿಕ್ಕಿಕೊಂಡೇ ನೆಲಕ್ಕೆ ಕೂತಳು. ಮಲ್ಲಕ್ಕ ಸೆರಗನ್ನು ಮೊಳಕಾಲಿನ ಹಿಂದಕ್ಕೇ ನಿಲ್ಲಿಸಿದಳು. ಉಳಿದ ಸೀರೆಯನ್ನು ಮೂರು ಬೆರಳಗಲದ ನಿರಿಗೆ ಮಾಡಿ, ಹೊಟ್ಟೆ ಉಬ್ಬದಂತೆ ಚಪ್ಪಟೆಯಾಗಿ ಸಿಕ್ಕಿಸಿದಳು.

"ಇಷ್ಟೊತ್ತು ಬರೇ ಸೀರಿ ಕಾಣತಿತ್ತು" ಎಂದಳು ರೋಹಿಣಿ, ತುದಿ ಬಿಡದೆ.

ಮಲ್ಲಕ್ಕ ಈಗಲೂ ದಿನಾ ಬೆಳಗ್ಗೆ ನಿರಿಗೆಗೆ ಇಸ್ತ್ರಿ ಹಾಕುತ್ತಾಳೆ. ಕೆಳತುದಿ ಸರಿಯದಂತೆ ಅದರ ಮೇಲೆ ಗೌರೀಶ ನೀರು ಕುಡಿಯುತ್ತಿದ್ದ ತಂಬಿಗೆ ಇಡುತ್ತಾಳೆ, ನೀರು ತುಂಬಿಸಿ.